ಎರಡು ಕಡ್ಡಿ ಇದೆ, ಆದ್ರೂ ಮಾತು ಕೇಳಿಸಲ್ಲ: ಬ್ಯಾಂಡ್ ಲಾಕ್ ಯಾವಾಗ ಮಾಡಬೇಕು?

ದೊಡ್ಡನೆಕ್ಕುಂದಿ ಕಡೆ ಪಿಜಿಗಳಲ್ಲಿ ಇರುವವರಿಗೆ ಇದು ಗೊತ್ತಿರೋ ಕತೆ. ಟೆರೇಸ್ ಮೇಲೆ ನೆಟ್ ಚೆನ್ನಾಗಿ ಓಡುತ್ತೆ. ನೆಲಮಹಡಿಯ ಹಿಂದಿನ ರೂಮಿಗೆ ಬಂದ್ರೆ ಎರಡು ಕಡ್ಡಿ ಕಾಣುತ್ತೆ, ಅಮ್ಮನ ಮಾತು ನಮಗೆ ಕೇಳಿಸುತ್ತೆ, ನಮ್ಮ ಮಾತು ಅಮ್ಮನಿಗೆ ಕೇಳಿಸಲ್ಲ. ಆಗ ಪಕ್ಕದ ಮಂಚದಿಂದ ಸಲಹೆ ಬರುತ್ತೆ: "ಬ್ಯಾಂಡ್ ಲಾಕ್ ಮಾಡು ಮಗಾ." ಈ ಸಲಹೆ ಒಂದು ಸ್ಥಿತಿಯಲ್ಲಿ ಮಾತ್ರ ಸರಿ. ಅದು ಯಾವುದು ಅಂತ ನೋಡೋಣ.

ಬೆಂಗಳೂರಿಗೆ 4ಜಿ ಬಂದದ್ದು 2012ರ ಮೇನಲ್ಲಿ, ಏರ್‌ಟೆಲ್‌ನಿಂದ, 2300 ಮೆಗಾಹರ್ಟ್ಸ್‌ನಲ್ಲಿ. ಅದೇ ಬ್ಯಾಂಡ್ 40. ಈಗ ಒಂದೇ ಕಂಪನಿ ಹಲವು ಬ್ಯಾಂಡ್‌ಗಳನ್ನು ಇಟ್ಟುಕೊಂಡಿರುತ್ತೆ. 850ರ ಬ್ಯಾಂಡ್ 5, 1800ರ ಬ್ಯಾಂಡ್ 3, ಜೊತೆಗೆ ಈ 40. ಬ್ಯಾಂಡ್ 40ರಲ್ಲಿ ಅಗಲ ಜಾಸ್ತಿ, ಹಾಗಾಗಿ ಸ್ಪೀಡೂ ಜಾಸ್ತಿ. ಆದರೆ ಬರೀ ಬಯಲಲ್ಲೇ, ಒಂದೇ ದೂರಕ್ಕೆ, 850ಕ್ಕಿಂತ ಸುಮಾರು 8.6 ಡಿಬಿ ಹೆಚ್ಚು ನಷ್ಟ (20 log(2300/850), ಲೆಕ್ಕ ಹಾಕಿ ನೋಡಿ). ಕಾಂಕ್ರೀಟ್ ಗೋಡೆಗಳಲ್ಲಿ ಕಳೆದುಹೋಗೋದು ಬೇರೆ.

ಹಾಗಿದ್ರೆ ಫೋನ್ ತಾನೇ ಬ್ಯಾಂಡ್ 5ಕ್ಕೆ ಯಾಕೆ ಹೋಗಲ್ಲ? ಯಾಕಂದ್ರೆ ಫೋನ್ ಯಾವಾಗಲೂ ಬಲವಾದ ಸಿಗ್ನಲ್ಲನ್ನೇ ಹುಡುಕಲ್ಲ. ಪ್ರತಿ ಫ್ರೀಕ್ವೆನ್ಸಿಗೂ ಒಂದು ಆದ್ಯತೆ ಇರುತ್ತೆ, ಅದನ್ನು ಟವರ್ ಹೇಳುತ್ತೆ. ಜಾಗ ಜಾಸ್ತಿ ಇರೋ ಬ್ಯಾಂಡಿಗೆ ಹೆಚ್ಚಿನ ಆದ್ಯತೆ ಕೊಟ್ಟಿದ್ರೆ, ಅದರ ಮಟ್ಟ ಒಂದು ಮಿತಿಗಿಂತ ಕೆಳಗಿಳಿಯೋವರೆಗೂ ಫೋನ್ ಅಲ್ಲೇ ಕೂತಿರುತ್ತೆ. ನಮ್ಮ ರೂಮು ಆ ಮಿತಿಯ ಅಂಚಲ್ಲಿದ್ರೆ ಕಷ್ಟ ಶುರು. ಕಡ್ಡಿಗಳು ಟವರಿಂದ ಬರೋದನ್ನು ತೋರಿಸ್ತವೆ, ನಾವು ಕಳಿಸೋದನ್ನಲ್ಲ. ಟವರ್ ಹತ್ತಾರು ವ್ಯಾಟ್‌ನಲ್ಲಿ ಕೂಗುತ್ತೆ, ಫೋನಿನ ಸಾಮಾನ್ಯ ಮಿತಿ 23 ಡಿಬಿಎಂ, ಅಂದ್ರೆ 0.2 ವ್ಯಾಟ್. ಮೇಲಾಗಿ ಬ್ಯಾಂಡ್ 40ರಲ್ಲಿ ಕಳಿಸೋದೂ ಪಡೆಯೋದೂ ಒಂದೇ ಫ್ರೀಕ್ವೆನ್ಸಿಯಲ್ಲಿ, ಸರದಿ ಪ್ರಕಾರ. ಎಲ್‌ಟಿಇಯ ಒಂದು ಸಾಮಾನ್ಯ ಹಂಚಿಕೆಯಲ್ಲಿ 10 ಸಬ್‌ಫ್ರೇಮ್‌ಗೆ 2 ಮಾತ್ರ ನಮ್ಮ ಪಾಲು. ಅಮ್ಮನಿಗೆ ನಮ್ಮ ಮಾತು ಮೊದಲು ಕಡಿದುಹೋಗೋದು ಇದಕ್ಕೇ.

ಲಾಕ್ ಮಾಡೋ ಮುಂಚೆ ಅಳೆಯಿರಿ. ಸ್ಯಾಮ್‌ಸಂಗ್‌ನ ಹಲವು ಮಾಡೆಲ್‌ಗಳಲ್ಲಿ `*#0011#` ಒತ್ತಿದ್ರೆ ಬ್ಯಾಂಡ್, RSRP, RSRQ ಕಾಣುತ್ತವೆ. ಮೀಡಿಯಾಟೆಕ್ ಚಿಪ್ ಇರುವ ಹಲವು ಫೋನ್‌ಗಳಲ್ಲಿ ಗುಪ್ತ ಮೆನು ತೆರೆಯೋದು ಹೀಗೆ:

```
*#*#3646633#*#*
Telephony > BandMode > SIM1 / SIM2
```

ಕೆಲವು ಕಂಪನಿಗಳು ಇದನ್ನು ಮುಚ್ಚಿಬಿಟ್ಟಿವೆ. ತೆರೆದರೆ, ಮೊದಲು ಈಗ ಟಿಕ್ ಆಗಿರೋದರ ಸ್ಕ್ರೀನ್‌ಶಾಟ್ ತೆಗೀರಿ. ವಾಪಸ್ ಬರೋಕೆ ಅದೇ ದಾರಿ. ಎಲ್‌ಟಿಇ ಪಟ್ಟಿಯಲ್ಲಿ ಬ್ಯಾಂಡ್ 5 ಒಂದನ್ನೇ ಬಿಟ್ಟು SET ಒತ್ತಿ, ಏರ್‌ಪ್ಲೇನ್ ಮೋಡ್ ಹಾಕಿ ತೆಗೀರಿ. ಜಿಎಸ್‌ಎಂ ಪಟ್ಟಿಯನ್ನು ಮುಟ್ಟಬೇಡಿ.

ಉದಾಹರಣೆಗೆ, ಅದೇ ಮಂಚದ ಮೇಲೆ ಬ್ಯಾಂಡ್ 40ರಲ್ಲಿ RSRP −117, ಬ್ಯಾಂಡ್ 5ರಲ್ಲಿ −102 ಬಂತು ಅಂತಿಟ್ಟುಕೊಳ್ಳಿ. 15 ಡಿಬಿ ಅಂದ್ರೆ ಸುಮಾರು 30 ಪಟ್ಟು ಶಕ್ತಿ. ಇಲ್ಲಿ ಲಾಕ್ ಕೆಲಸ ಮಾಡುತ್ತೆ: ಸ್ಪೀಡ್ ಟೆಸ್ಟ್‌ನ ದೊಡ್ಡ ಅಂಕಿ ಸಿಗದೇ ಇರಬಹುದು, ಕಾಲ್ ನಿಲ್ಲುತ್ತೆ. ಆದರೆ ಮೊದಲೇ −90 ಇದ್ದು, ಸಂಜೆ ಟೆಕ್ ಪಾರ್ಕ್‌ಗಳು ಬಿಡೋ ಹೊತ್ತಿಗೆ ಮಾತ್ರ ನೆಟ್ ಸಾಯ್ತಿದ್ರೆ, RSRQ −15ಕ್ಕಿಂತ ಕೆಳಗೆ ಇಳೀತಿದ್ರೆ, ಅದು ಬಹುಶಃ ಜನಜಂಗುಳಿ. ಕಿರಿದಾದ ಬ್ಯಾಂಡ್ 5ಕ್ಕೆ ಕಟ್ಟಿಹಾಕಿದ್ರೆ ಇನ್ನೂ ಹಾಳಾಗುತ್ತೆ. ಒಂದೇ ಬ್ಯಾಂಡಿಗೆ ಲಾಕ್ ಮಾಡಿದ್ರೆ ಹಲವು ಬ್ಯಾಂಡ್ ಜೋಡಿಸೋ ಕ್ಯಾರಿಯರ್ ಅಗ್ರಿಗೇಷನ್ನೂ ಹೋಗುತ್ತೆ ಅನ್ನೋದು ಬೇರೆ.

ಅಪಾಯ ಇರೋದು ರೂಮಿನಿಂದ ಹೊರಗೆ ಬಂದಾಗ. ರೀಸ್ಟಾರ್ಟ್ ಮಾಡಿದ್ರೂ ಲಾಕ್ ಸಾಮಾನ್ಯವಾಗಿ ಹೋಗಲ್ಲ. ಸ್ಪೀಡ್ ಆಸೆಗೆ 40ಕ್ಕೆ ಲಾಕ್ ಮಾಡಿ ಊರಿಗೆ ಹೊರಟ್ರೆ, ದಾರೀಲಿ ಫೋನ್ ಸುಮ್ಮನೆ ಕಲ್ಲಾಗಬಹುದು. 112ಕ್ಕೆ ಮಾಡೋ ತುರ್ತು ಕರೆ ಬೇರೆ ಕಂಪನಿಯ ಟವರನ್ನೂ ಹಿಡಿಯಬಲ್ಲದು, ಆದರೆ ಲಾಕ್ ಆದ ಫೋನ್ ಆ ಬ್ಯಾಂಡನ್ನು ಹುಡುಕದೇ ಇರಬಹುದು. 2ಜಿ ಇಲ್ಲದ ಜಿಯೋ ಸಿಮ್‌ನಲ್ಲಿ 4ಜಿ ಹೋದ್ರೆ, 5ಜಿಯೂ ಸಿಗದಿದ್ರೆ, ಕಾಲೂ ಹೋಯ್ತು.

ಇನ್ನೊಂದು, ಆ ಮೆನು ಕಾರ್ಖಾನೆಯ ಪರೀಕ್ಷೆಗೆ ಮಾಡಿದ್ದು. ಪಕ್ಕದಲ್ಲೇ ರೇಡಿಯೋ ಪವರ್ ಟೆಸ್ಟ್ ಇರುತ್ತೆ, ಕೆಲವು ಫೋನ್‌ಗಳಲ್ಲಿ ಐಎಂಇಐ ಬರೆಯೋ ದಾರಿಯೂ ಇರುತ್ತೆ. ಅಲ್ಲಿ ಕೈಯಾಡಿಸಿದ್ರೆ ಮೋಡೆಮ್ ನೆಟ್‌ವರ್ಕನ್ನೇ ಕಳಕೊಳ್ಳಬಹುದು. ಐಎಂಇಐ ತಿದ್ದೋದಂತೂ 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅಪರಾಧ: 3 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ, ಅಥವಾ ಎರಡೂ.

ರೂಮಲ್ಲಿ ವೈಫೈ ಇದ್ರೆ, ಫೋನೂ ಕಂಪನಿಯೂ ವೈಫೈ ಕಾಲಿಂಗ್ ಕೊಟ್ಟಿದ್ರೆ, ಮೊದಲು ಅದನ್ನು ಆನ್ ಮಾಡಿ ನೋಡಿ. ಅಮ್ಮನಿಗೆ ಮಾತು ಕೇಳಿಸಿದ್ರೆ ಈ ಮೆನು ತೆರೆಯೋ ಅಗತ್ಯವೇ ಇಲ್ಲ.