ಬಿಳಿಯ ನಡುವಿನ ಕಪ್ಪು: ಪಿತ್ತನಾಳದ ಕಲ್ಲು ಮತ್ತು ಎಂಆರ್‌ಸಿಪಿ

1. ಕಾಣುವುದು ಪಿತ್ತರಸ, ಕಲ್ಲಲ್ಲ

ಎಂಆರ್‌ಐ ಕೋಣೆಗೆ ಬರುವ ರೋಗಿಗಳು ಮೊದಲು ಕೇಳುವುದು, "ಡಾಕ್ಟ್ರೇ, ಸೂಜಿ ಚುಚ್ತೀರಾ?" ಎಂದು. ಹಿಂದೆ ಪಿತ್ತನಾಳ ನೋಡಬೇಕೆಂದರೆ ಪಕ್ಕೆಯಿಂದ ಯಕೃತ್ತಿನೊಳಕ್ಕೆ ಸೂಜಿ ತೂರಿಸಿ ಬಣ್ಣದ ದ್ರವ ಬಿಡಬೇಕಿತ್ತು. ಇಲ್ಲವೆಂದರೆ ಬಾಯಿಂದ ಎಂಡೋಸ್ಕೋಪ್ ಇಳಿಸಿ, ಸಣ್ಣಕರುಳಿನಲ್ಲಿ ನಾಳ ತೆರೆದುಕೊಳ್ಳುವ ಬಾಯಿಗೆ ನಳಿಕೆ ಹಾಕಿ ದ್ರವ ತುಂಬಬೇಕಿತ್ತು. ಇಆರ್‌ಸಿಪಿ ಎಂದರೆ ಇದೇ. ಕಲ್ಲು ತೆಗೆಯಲು ಇಂದಿಗೂ ಇದೇ ದಾರಿ, ಆದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯ ಇದರಲ್ಲಿದೆ. ಬರೀ ನೋಡುವುದಕ್ಕೋಸ್ಕರ ಆ ಅಪಾಯ ಯಾಕೆ ಎಂಬ ಪ್ರಶ್ನೆಗೆ 1991ರಲ್ಲಿ ಮೊದಲು ವರದಿಯಾದ ಎಂಆರ್‌ಸಿಪಿ ಉತ್ತರವಾಯಿತು.

ಇದರ ಕೆಲಸವೆಲ್ಲ ಕಾಯುವುದರಲ್ಲಿದೆ. ಯಂತ್ರ ರೇಡಿಯೋ ಅಲೆ ಕಳಿಸಿದ ಮೇಲೆ ದೇಹದ ನೀರಿನಿಂದ ಸಂಕೇತ ಹೊರಡುತ್ತದೆ, ಹೊರಟ ಕ್ಷಣದಿಂದಲೇ ಕುಂದತೊಡಗುತ್ತದೆ. ಯಕೃತ್ತಿನಂಥ ಗಟ್ಟಿ ಅಂಗದಲ್ಲಿ ಸುಮಾರು 50 ಮಿಲಿಸೆಕೆಂಡಿಗೊಮ್ಮೆ ಅದು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ನಿಂತ ನೀರಿನಲ್ಲಿ ಮಾತ್ರ ಬಹಳ ಹೊತ್ತು ಉಳಿಯುತ್ತದೆ. ಹಾಗಾಗಿ 700 ಮಿಲಿಸೆಕೆಂಡ್ ಬಿಟ್ಟು ಸಂಕೇತ ಹಿಡಿದರೆ ಯಕೃತ್ತು, ಸ್ನಾಯು, ಕೊಬ್ಬು ಹೆಚ್ಚುಕಡಿಮೆ ಮರೆಯಾಗಿರುತ್ತವೆ. ಹರಿಯುವ ರಕ್ತವೂ ಕಾಣುವುದಿಲ್ಲ. ಪಿತ್ತರಸ, ಮೇದೋಜೀರಕದ ರಸ, ಕರುಳಿನ ನೀರು, ಬೆನ್ನುಹುರಿಯ ಸುತ್ತಲ ದ್ರವ ಮಾತ್ರ ಬೆಳ್ಳಗೆ ಉಳಿಯುತ್ತವೆ. ರೋಗಿಯ ಸ್ವಂತ ಪಿತ್ತರಸವೇ ಇಲ್ಲಿ ಬಣ್ಣದ ಕೆಲಸ ಮಾಡುತ್ತದೆ.

ಕಲ್ಲಿನಲ್ಲಿ ಓಡಾಡುವ ನೀರು ಇರುವುದಿಲ್ಲ. ಆದ್ದರಿಂದ ಅದಿರುವ ಜಾಗ ಬಿಳಿಯ ನಡುವೆ ಕಪ್ಪಾಗಿ ಖಾಲಿ ಬಿಡುತ್ತದೆ. ನಾವು ಓದುವುದು ಆ ಖಾಲಿಯನ್ನು. ಮುಂದೆ ಹೇಳುವ ಎಡವಟ್ಟುಗಳೆಲ್ಲ ಹುಟ್ಟುವುದು ಇಲ್ಲಿಂದಲೇ.

2. ಹೊಟ್ಟೆ ಖಾಲಿ ಇರಲಿ

ನಾಲ್ಕರಿಂದ ಆರು ಗಂಟೆ ಏನೂ ತಿನ್ನದೆ ಬನ್ನಿ ಎನ್ನುತ್ತೇವೆ. ಊಟ ಮಾಡಿದರೆ ಪಿತ್ತಕೋಶ ಕುಗ್ಗಿ ಖಾಲಿಯಾಗುತ್ತದೆ. ಜಠರದ ನೀರೂ ಬೆಳ್ಳಗೆ ಹೊಳೆದು ನಾಳದ ಮೇಲೆ ಬಿದ್ದು ಅದನ್ನು ಮುಚ್ಚುತ್ತದೆ. ಅಷ್ಟಾದರೂ ನೀರು ಉಳಿದಿದ್ದರೆ ಅನಾನಸ್ ರಸ ಕುಡಿಸುವ ಪದ್ಧತಿ ಇದೆ. ಅದರಲ್ಲಿನ ಮ್ಯಾಂಗನೀಸ್ ನೀರಿನ ಸಂಕೇತವನ್ನು ಬೇಗ ಕುಂದಿಸುವುದರಿಂದ ಜಠರ ಕಪ್ಪಾಗಿ, ನಾಳ ತೆರವಾಗುತ್ತದೆ. ರೋಗಿಗಳಿಗೆ ಇದು ತಮಾಷೆಯೆನಿಸುತ್ತದೆ. ಎಲ್ಲ ರಸದಲ್ಲೂ ಮ್ಯಾಂಗನೀಸ್ ಒಂದೇ ಪ್ರಮಾಣದಲ್ಲಿ ಇರುವುದಿಲ್ಲವಾದ್ದರಿಂದ ನಾನು ಇದನ್ನು ಪೂರ್ತಿ ನೆಚ್ಚಿಕೊಳ್ಳುವುದಿಲ್ಲ.

3. ಅಂದದ ಚಿತ್ರವನ್ನು ನಂಬಬೇಡಿ

ಎಂಆರ್‌ಸಿಪಿಯ ಫಿಲ್ಮಿನಲ್ಲಿ ಎಲ್ಲರ ಕಣ್ಣು ಹೋಗುವುದು ಕವಲೊಡೆದ ಮರದಂತೆ ಇಡೀ ನಾಳವ್ಯೂಹ ನಿಂತಿರುವ ಆ ಒಂದು ಚಿತ್ರದ ಮೇಲೆ. ಯಂತ್ರ ಒಂದು ಮಿಲಿಮೀಟರ್ ಆಸುಪಾಸಿನ ತೆಳು ಸೀಳುಗಳನ್ನು ತೆಗೆದಿರುತ್ತದೆ. ಕಂಪ್ಯೂಟರ್ ಅವನ್ನು ಒಂದರ ಮೇಲೊಂದು ಒಟ್ಟಿ, ಪ್ರತಿ ನೋಟದ ಸಾಲಿನಲ್ಲಿ ಅತಿ ಬೆಳ್ಳಗಿರುವ ಬಿಂದುವನ್ನಷ್ಟೇ ಆರಿಸಿಕೊಂಡು ಈ ಚಿತ್ರ ಕಟ್ಟುತ್ತದೆ. ಕಪ್ಪನ್ನು ಹುಡುಕುವವರಿಗೆ ಬಿಳಿಯನ್ನು ಆರಿಸುವ ಲೆಕ್ಕಾಚಾರ ಎಷ್ಟು ಕೆಟ್ಟದ್ದೆಂದು ಬಿಡಿಸಿ ಹೇಳಬೇಕಿಲ್ಲ.

ನಾನು ತರಬೇತಿಯವರಿಗೆ ತೋರಿಸುವುದು ಇಂಥದೊಂದು ಪ್ರಸಂಗ. ಐವತ್ತು ದಾಟಿದ ಹೆಂಗಸು, ಮೇಲುಹೊಟ್ಟೆಯಲ್ಲಿ ನೋವು, ಕಣ್ಣು ಹಳದಿ, ಜ್ವರವಿಲ್ಲ. ಬಿಲಿರುಬಿನ್ 3. ಅಲ್ಟ್ರಾಸೌಂಡಿನಲ್ಲಿ ಪಿತ್ತಕೋಶದ ತುಂಬ ಸಣ್ಣ ಕಲ್ಲುಗಳು, ಮುಖ್ಯ ಪಿತ್ತನಾಳ 9 ಮಿ.ಮೀ. ಸಾಮಾನ್ಯವಾಗಿ 6ರ ಒಳಗಿರಬೇಕಾದದ್ದು ಅದು. ನಾಳದ ಕೆಳತುದಿ ಮಾತ್ರ ಕರುಳಿನ ಗ್ಯಾಸಿನ ಹಿಂದೆ ಮರೆಯಾಗಿತ್ತು. ನಾಳದಲ್ಲಿ ಕಲ್ಲು ಕಣ್ಣಿಗೆ ಬಿದ್ದಿದ್ದರೆ, ಜ್ವರ ಚಳಿಯೊಡನೆ ಸೋಂಕಿದ್ದರೆ, ಅಥವಾ ಹಿಗ್ಗಿದ ನಾಳದ ಜೊತೆಗೆ ಬಿಲಿರುಬಿನ್ 4 ದಾಟಿದ್ದರೆ ಎಂಆರ್‌ಸಿಪಿಗೆ ಕಾಯದೆ ನೇರ ಇಆರ್‌ಸಿಪಿಗೆ ಕಳಿಸುವುದು ಸರಿ. ಅಮೆರಿಕದ ಎಂಡೋಸ್ಕೋಪಿ ತಜ್ಞರ 2019ರ ಸೂಚನೆಯೂ ಹಾಗೆಯೇ ಹೇಳುತ್ತದೆ. ಈಕೆ ಆ ಗೆರೆಯ ಈಚೆಗಿದ್ದರು. ಎಂಆರ್‌ಸಿಪಿಗೆ ತಕ್ಕ ರೋಗಿ ಇಂಥವರೇ.

ಒಟ್ಟುಚಿತ್ರದಲ್ಲಿ ನಾಳ ಹಿಗ್ಗಿತ್ತು, ಆದರೆ ಮೇಲಿಂದ ಕೆಳಗಿನತನಕ ಬೆಳ್ಳಗೆ, ಚೊಕ್ಕ. ಹೊಟ್ಟೆಯನ್ನು ಅಡ್ಡಡ್ಡ ಕೊಯ್ದಂತೆ ತೋರಿಸುವ ಸೀಳುಗಳನ್ನು ಒಂದೊಂದಾಗಿ ಇಳಿಸುತ್ತ ಹೋದಾಗ, ಮೇದೋಜೀರಕದ ತಲೆಯೊಳಗೆ ಹಾಯುವ ಭಾಗದಲ್ಲಿ, ನಾಳದ ಹಿಂಬದಿಗೆ ಅಂಟಿದಂತೆ 4 ಮಿ.ಮೀ.ನ ಕಪ್ಪು ಚುಕ್ಕೆ ಸಿಕ್ಕಿತು. ಮುಂದೆ, ಪಕ್ಕದಲ್ಲಿ ಪಿತ್ತರಸದ ಬಿಳಿ ಅರೆಚಂದ್ರ. ಒಟ್ಟುಚಿತ್ರದಲ್ಲಿ ಕಲ್ಲನ್ನು ನುಂಗಿದ್ದು ಆ ಅರೆಚಂದ್ರವೇ. ಪಕ್ಕದ ಸೀಳಿನಲ್ಲೂ ಚುಕ್ಕೆ ಇತ್ತು, ಬೇರೆ ದಿಕ್ಕಿನಿಂದ ತೆಗೆದ ಸರಣಿಯಲ್ಲೂ ಅದೇ ಜಾಗದಲ್ಲಿ ಇತ್ತು. ಎರಡು ಸರಣಿಯಲ್ಲಿ ಒಂದೇ ಜಾಗ ಎಂದಾದ ಮೇಲಷ್ಟೇ ವರದಿಯಲ್ಲಿ ಕಲ್ಲು ಎಂದು ಬರೆಯುತ್ತೇನೆ. ಇಆರ್‌ಸಿಪಿಯಲ್ಲಿ ಬಲೂನಿನಿಂದ ಅದನ್ನು ಎಳೆದು ತೆಗೆದರು.

4. ಕಪ್ಪೆಲ್ಲ ಕಲ್ಲಲ್ಲ

ಹೆಚ್ಚು ಮೋಸ ಮಾಡುವುದು ಗಾಳಿ. ಹಿಂದೆ ಇಆರ್‌ಸಿಪಿ ಆದವರಲ್ಲಿ, ಸ್ಟೆಂಟ್ ಇದ್ದವರಲ್ಲಿ ಕರುಳಿನ ಗಾಳಿ ನಾಳಕ್ಕೆ ನುಗ್ಗಿರುತ್ತದೆ. ನೆಟ್ಟಗೆ ನಿಂತಂತೆ ಕಾಣುವ ಒಟ್ಟುಚಿತ್ರದಲ್ಲಿ ಗುಳ್ಳೆಯೂ ಕಲ್ಲೂ ಒಂದೇ ಕಪ್ಪು. ಅಡ್ಡ ಸೀಳಿನಲ್ಲಿ ಜಗಳ ತೀರುತ್ತದೆ. ಅಂಗಾತ ಮಲಗಿದವರಲ್ಲಿ ಗಾಳಿ ಹೊಟ್ಟೆಯ ಕಡೆಗೆ ತೇಲುತ್ತದೆ, ಕಲ್ಲು ಸಾಮಾನ್ಯವಾಗಿ ಬೆನ್ನಿನ ಕಡೆಗೆ ಕುಳಿತಿರುತ್ತದೆ. ಕಪ್ಪು ಎರಡರ ನಡುವೆ, ನಾಳದ ಸರಿಯಾದ ಮಧ್ಯದಲ್ಲಿ ಮಸುಕಾಗಿ ಇದ್ದರೆ ಅದು ಬಹುಮಟ್ಟಿಗೆ ಪಿತ್ತರಸದ ಹರಿವಿನಿಂದ ಹುಟ್ಟಿದ ನೆರಳು. ಇನ್ನೊಂದು ಸರಣಿಯಲ್ಲಿ ಮಾಯವಾಗುತ್ತದೆ. ಪಿತ್ತಕೋಶ ತೆಗೆಸಿಕೊಂಡವರಲ್ಲಿ ಲೋಹದ ಕ್ಲಿಪ್‌ನ ಕಪ್ಪು ನಾಳದ ಗೋಡೆಯನ್ನೂ ದಾಟಿ ಹರಡುತ್ತದೆ. ಕಲ್ಲು ಗೋಡೆಯ ಆಚೆ ಹೋಗುವುದಿಲ್ಲ.

ನನಗೆ ಬಹಳ ಸ್ವಾರಸ್ಯವೆನಿಸುವುದು ಕೆಳತುದಿಯ ಕವಾಟದ ಸ್ನಾಯು. ಅದು ಬಿಗಿದ ಗಳಿಗೆಯಲ್ಲಿ ಚಿತ್ರ ತೆಗೆದರೆ ನಾಳದ ತುದಿ ಬಟ್ಟಲಿನಂತೆ ಒಳಗೆ ಬಾಗಿ ಕಾಣುತ್ತದೆ, ಅಲ್ಲಿ ಸಿಕ್ಕಿಕೊಂಡ ಕಲ್ಲಿನ ಪಡಿಯಚ್ಚು. ಇದಕ್ಕೆ ಮದ್ದು ಸುಲಭ. ಕೆಲವೇ ಸೆಕೆಂಡ್ ಉಸಿರು ಹಿಡಿದರೆ ಸಾಕಾಗುವ ದಪ್ಪ ಸೀಳನ್ನು, ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ನಾಲ್ಕೈದು ಬಾರಿ ತೆಗೆಯುವುದು. ಸ್ನಾಯುವಾದರೆ ಒಂದರಲ್ಲಾದರೂ ಸಡಿಲಗೊಂಡು ಬಿಳಿ ಕರುಳಿನತನಕ ಇಳಿಯುತ್ತದೆ. ಕಲ್ಲಾದರೆ ಐದರಲ್ಲೂ ಅದೇ ಬಟ್ಟಲು. ತೆಳು ಸೀಳಿನ ಸರಣಿ ಉಸಿರಾಟಕ್ಕೆ ಹೊಂದಿಸಿಕೊಂಡು ಕೆಲವು ನಿಮಿಷ ಓಡುವುದರಿಂದ ಅದು ಸರಾಸರಿಯನ್ನಷ್ಟೇ ತೋರಿಸುತ್ತದೆ, ಈ ಕುಣಿತವನ್ನು ಹಿಡಿಯಲಾರದು. ನೋವಿನಿಂದ ಏದುಸಿರು ಬಿಡುವವರಲ್ಲಿ ಅದು ಮಸುಕೂ ಆಗುತ್ತದೆ. ಅಂಥವರಿಗೆ ಮೊದಲು ನೋವು ಇಳಿಸಿ, ಆಮೇಲೆ ಸ್ಕ್ಯಾನ್ ಮಾಡಿ ಎನ್ನುತ್ತೇನೆ.

5. "ಕಲ್ಲಿಲ್ಲ" ಎನ್ನುವ ಮಾತಿಗೂ ಒಂದು ಗಾತ್ರವಿದೆ

ದೊಡ್ಡ ಕಲ್ಲು ತಪ್ಪುವುದು ಅಪರೂಪ. 5 ಮಿ.ಮೀ.ಗಿಂತ ಚಿಕ್ಕದಾದರೆ, ಅದೂ ಹಿಗ್ಗದ ನಾಳದ ಕೆಳತುದಿಯಲ್ಲಿದ್ದರೆ ತಪ್ಪಬಹುದು. ಅಲ್ಲಿ ಕಲ್ಲಿನ ಸುತ್ತ ಹೊಳೆಯುವಷ್ಟು ಪಿತ್ತರಸವೇ ಇರುವುದಿಲ್ಲ. ಲಿವರ್ ಪರೀಕ್ಷೆಗಳು ಏರುತ್ತಲೇ ಇದ್ದು ಎಂಆರ್‌ಸಿಪಿ ಚೊಕ್ಕವಾಗಿದ್ದರೆ, ಎಂಡೋಸ್ಕೋಪಿನ ತುದಿಯಲ್ಲೇ ಅಲ್ಟ್ರಾಸೌಂಡ್ ಇರುವ ಇಯುಎಸ್ ಮಾಡಿಸಿ ಎಂದು ಬರೆಯುತ್ತೇನೆ. ಅದು ನಾಳಕ್ಕೆ ಒತ್ತಿಕೊಂಡೇ ನೋಡುವುದರಿಂದ ಮರಳಿನಷ್ಟು ಸಣ್ಣ ಕಲ್ಲಿಗೂ ಹೆಚ್ಚು ಚುರುಕು. ಅದಕ್ಕೆ ಅರೆನಿದ್ರೆ ಬೇಕು, ನುರಿತ ಕೈ ಬೇಕು. ಎಲ್ಲ ಊರಿನಲ್ಲಿ ಸಿಗುವುದಿಲ್ಲ.

6. ವರದಿಗೆ ಗಂಟೆ ಹಾಕಿ

ಸಣ್ಣ ಕಲ್ಲುಗಳು ತಾವಾಗಿಯೇ ಕರುಳಿಗೆ ಜಾರಿ ಹೋಗುವುದುಂಟು. ಸೋಮವಾರ ಚಿತ್ರದಲ್ಲಿದ್ದದ್ದು ಗುರುವಾರ ಇಆರ್‌ಸಿಪಿಯಲ್ಲಿ ಸಿಗದಿದ್ದರೆ ಯಾರದೂ ತಪ್ಪಿರಬೇಕಾಗಿಲ್ಲ. ಪಿತ್ತಕೋಶದಿಂದ ಹೊಸದೊಂದು ಇಳಿದು ಉಲ್ಟಾ ಆಗುವುದೂ ಇದೆ. ಅದಕ್ಕೇ ಕಲ್ಲಿನ ಗಾತ್ರ, ಸಂಖ್ಯೆ, ಕೆಳತುದಿಯಿಂದ ಎಷ್ಟು ಮೇಲೆ ಎಂಬುದರ ಜೊತೆಗೆ ಸ್ಕ್ಯಾನ್ ಆದ ದಿನ, ಗಂಟೆಯನ್ನೂ ಬರೆಯುತ್ತೇನೆ. ನಡುವೆ ನೋವು ಪೂರ್ತಿ ನಿಂತು ಬಿಲಿರುಬಿನ್ ಇಳಿದಿದ್ದರೆ, ಎಂಡೋಸ್ಕೋಪ್ ಹಾಕುವ ಮುನ್ನ ಒಂದು ಫೋನ್ ಮಾಡಿ ಎಂದು ನಮ್ಮ ಗ್ಯಾಸ್ಟ್ರೋ ಡಾಕ್ಟರಿಗೆ ಹೇಳಿಟ್ಟಿದ್ದೇನೆ. ಬರೀ ದಪ್ಪ ಸೀಳುಗಳನ್ನು ತೆಗೆದು ಮತ್ತೆ ನೋಡಲು ಹತ್ತು ನಿಮಿಷ ಸಾಕು.