ಚಡ್ಡಿ ಕೊಳೆಯಾಗುವುದು ಹಟದಿಂದಲ್ಲ

ಪ್ರಶ್ನೆ: ಮಗನಿಗೆ ಏಳು ವರ್ಷ, ತೂಕ 22 ಕೆ.ಜಿ. ಜೂನ್‌ನಲ್ಲಿ ಹೊಸ ಶಾಲೆಗೆ ಹಾಕಿದ ಮೇಲೆ ದಿನಾ ಚಡ್ಡಿಯಲ್ಲಿ ನೀರು ನೀರಾಗಿ ಕಕ್ಕ ಆಗುತ್ತಿದೆ. ಬೇಧಿ ಅಂದುಕೊಂಡು ಮೆಡಿಕಲ್ ಶಾಪ್‌ನಿಂದ ಮಾತ್ರೆ ತಂದು ಕೊಟ್ಟೆ, ಇನ್ನೂ ಹೆಚ್ಚಾಯಿತು. ವಾರಕ್ಕೊಮ್ಮೆ ಮಾತ್ರ ಬಹಳ ದಪ್ಪ, ಗಟ್ಟಿ ಮಲ ಹೋಗುತ್ತದೆ. ಕೇಳಿದರೆ ‘ನಂಗೆ ಗೊತ್ತೇ ಆಗ್ಲಿಲ್ಲಮ್ಮ’ ಅನ್ನುತ್ತಾನೆ. ಚಡ್ಡಿಗಳನ್ನು ಮಂಚದ ಕೆಳಗೆ ಬಚ್ಚಿಡುತ್ತಾನೆ. ಅವರಪ್ಪ ಹೊಡೆದಿದ್ದೂ ಆಯಿತು. ಮಕ್ಕಳ ಡಾಕ್ಟರ್ ಮನಶ್ಶಾಸ್ತ್ರಜ್ಞರನ್ನೂ ನೋಡಿ ಅಂದಿದ್ದಾರೆ. ಇದು ಮನಸ್ಸಿನ ಕಾಯಿಲೆಯೇ?
– ಒಬ್ಬ ತಾಯಿ, ಹಾಸನ

ಉತ್ತರ: ಅಮ್ಮಾ, ನಿಮ್ಮ ಮಗ ಹೇಳುತ್ತಿರುವುದು ನಿಜ. ಅವನಿಗೆ ಗೊತ್ತಾಗುತ್ತಿಲ್ಲ. ನೀವು ಬರೆದಿರುವುದನ್ನು ನೋಡಿದರೆ ಇದು ಬೇಧಿಯಲ್ಲ, ಮಲಬದ್ಧತೆ.

ಹೊಸ ಶಾಲೆಯ ಟಾಯ್ಲೆಟ್ ಗಲೀಜಾಗಿದ್ದರೆ, ಬಾಗಿಲಿಗೆ ಚಿಲಕವಿಲ್ಲದಿದ್ದರೆ ಮಕ್ಕಳು ತಡೆದುಕೊಳ್ಳುತ್ತಾರೆ. ತಡೆದ ಮಲ ದೊಡ್ಡ ಕರುಳಿನಲ್ಲಿ ನೀರು ಆರಿ ಗಟ್ಟಿಯಾಗುತ್ತದೆ. ಒಮ್ಮೆ ಹೋಗುವಾಗ ನೋವಾದರೆ ಮುಂದಿನ ಸಲ ಇನ್ನೂ ಬಿಗಿಹಿಡಿಯುತ್ತಾರೆ. ನಿಮ್ಮ ಮಗ ಕಾಲು ಕತ್ತರಿ ಹಾಕಿಕೊಂಡು, ತುದಿಗಾಲಲ್ಲಿ ನಿಂತು, ಮೇಜಿನ ಅಂಚು ಹಿಡಿದು ಮುಖ ಕೆಂಪು ಮಾಡಿಕೊಳ್ಳುವುದನ್ನು ನೀವು ನೋಡಿರಬಹುದು. ಮುಕ್ಕುತ್ತಿದ್ದಾನೆ ಅನ್ನಿಸುತ್ತದೆ, ಆದರೆ ಅವನು ಆಗ ಒಳಗೆ ತಡೆಯುತ್ತಿರುತ್ತಾನೆ. ಹೀಗೆ ವಾರಗಟ್ಟಲೆ ನಡೆದರೆ ಗುದನಾಳ ಹಿಗ್ಗಿ, ‘ಬಂತು’ ಎಂಬ ಸೂಚನೆ ಕೊಡುವುದನ್ನೇ ಬಿಡುತ್ತದೆ. ಗಟ್ಟಿ ಮುದ್ದೆಯ ಪಕ್ಕದಿಂದ ಮೇಲಿನ ತೆಳು ಮಲ ಸೋರುತ್ತದೆ. ನೀವು ಕೊಟ್ಟ ಬೇಧಿ ಮಾತ್ರೆ ಕರುಳನ್ನು ಇನ್ನಷ್ಟು ನಿಧಾನ ಮಾಡಿರಬೇಕು. ಅದನ್ನು ನಿಲ್ಲಿಸಿ. ಚಡ್ಡಿ ಬಚ್ಚಿಡುವುದು ಬರೀ ನಾಚಿಕೆಯಿಂದ, ಕಳ್ಳತನವಲ್ಲ.

ಹಾಗಾದರೆ ನನ್ನಂಥವರ ಹತ್ತಿರ ಏಕೆ ಕಳಿಸಿದರು? ಕಟ್ಟಿದ ಮಲವನ್ನು ತೆಗೆಯುವುದು ಡಾಕ್ಟರ ಕೆಲಸ; ತಡೆಯುವ ಅಭ್ಯಾಸವನ್ನೂ ಭಯವನ್ನೂ ಬಿಡಿಸುವುದು ನಮ್ಮದು. ಇದರಲ್ಲಿ ಕ್ರಮ ತಪ್ಪಬಾರದು. ಹೊಟ್ಟೆ ಖಾಲಿಯಾಗುವ ಮೊದಲೇ ‘ಚಡ್ಡಿ ಚೊಕ್ಕಟವಾಗಿದ್ದರೆ ಸ್ಟಾರ್’ ಅಂತ ಶುರುಮಾಡಿದರೆ, ತನ್ನ ಕೈಯಲ್ಲಿಲ್ಲದ ವಿಷಯದಲ್ಲಿ ಮಗು ದಿನಾ ಸೋಲುತ್ತದೆ.

ಡಾಕ್ಟರು ಸಾಮಾನ್ಯವಾಗಿ ಪಾಲಿಎಥಿಲೀನ್ ಗ್ಲೈಕಾಲ್ ಪುಡಿಯನ್ನು ನೀರಲ್ಲಿ ಕದಡಿ ಕೊಡಲು ಹೇಳುತ್ತಾರೆ. ಮಲದಲ್ಲಿ ನೀರು ಹಿಡಿದಿಟ್ಟು ಮೆತ್ತಗೆ ಮಾಡುವುದಷ್ಟೇ ಅದರ ಕೆಲಸ. ಖಾಲಿ ಮಾಡಲು ಮೊದಲ ಮೂರರಿಂದ ಆರು ದಿನ ಕೆ.ಜಿ.ಗೆ 1ರಿಂದ 1.5 ಗ್ರಾಂ, ಅಂದರೆ ನಿಮ್ಮ ಮಗನಿಗೆ ದಿನಕ್ಕೆ 22ರಿಂದ 33 ಗ್ರಾಂ. ಆಮೇಲೆ ಸುಮಾರು 9 ಗ್ರಾಂನಿಂದ ಮುಂದುವರಿಸಿ, ಮಲ ನೋಡಿಕೊಂಡು ಹೆಚ್ಚು ಕಡಿಮೆ ಮಾಡುತ್ತಾರೆ. ಅಳತೆಯನ್ನು ಡಾಕ್ಟರೇ ಹೇಳಲಿ. ಅಂದಾಜು ತಿಳಿದಿರಲೆಂದು ಬರೆದೆ. ಖಾಲಿ ಮಾಡುವ ದಿನಗಳಲ್ಲಿ ಸೋರುವುದು ಜಾಸ್ತಿಯಾಗುತ್ತದೆ, ಆದ್ದರಿಂದ ರಜೆಯಲ್ಲಿ ಶುರುಮಾಡಿ.

ನನ್ನ ಭಾಗ ಆಮೇಲಿನದು. ತಿಂದ ಮೇಲೆ ಕರುಳು ತಾನಾಗಿ ಚುರುಕಾಗುತ್ತದೆ. ಬೆಳಗಿನ ತಿಂಡಿ, ರಾತ್ರಿ ಊಟ ಆದ ಮೇಲೆ ಐದರಿಂದ ಹತ್ತು ನಿಮಿಷ ಅವನನ್ನು ಕೂರಿಸಿ. ಕಮೋಡ್ ಆದರೆ ಕಾಲ ಕೆಳಗೆ ಒಂದು ಮಣೆಯಿಟ್ಟು ಮಂಡಿ ಸೊಂಟಕ್ಕಿಂತ ಮೇಲಿರಲಿ. ಇಂಡಿಯನ್ ಟಾಯ್ಲೆಟ್‌ನಲ್ಲಿ ಆ ಭಂಗಿ ತಾನೇ ಬರುತ್ತದೆ. ಹೋಗಲಿ ಬಿಡಲಿ, ಕೂತಿದ್ದಕ್ಕೇ ಸ್ಟಾರ್. ಚಡ್ಡಿ ಕೊಳೆಯಾದರೆ ‘ಬಾ, ತೊಳ್ಕೊಳ್ಳೋಣ’ ಅನ್ನಿ, ಅಷ್ಟೇ. ಯಾವ ದಿನ ಹೋದ, ಗಟ್ಟಿಯೋ ಮೆತ್ತಗೋ, ಸೋರಿತೋ ಇಲ್ಲವೋ ಎಂದು ಕ್ಯಾಲೆಂಡರ್ ಮೇಲೆ ಬರೆದಿಡಿ. ಆ ಹಾಳೆಯನ್ನು ನಾನೂ ಡಾಕ್ಟರೂ ಇಬ್ಬರೂ ನೋಡಬೇಕು: ಕೂರುತ್ತಾನೆ, ಆದರೆ ಗಟ್ಟಿಯಾಗಿದೆ ಅಂದರೆ ಅವರು ಔಷಧಿ ಹೆಚ್ಚಿಸಬೇಕು, ಮೆತ್ತಗಿದೆ, ಆದರೂ ಕೂರಲು ಅಳುತ್ತಾನೆ ಅಂದರೆ ನಾನು ಭಯದ ಮೇಲೆ ಕೆಲಸ ಮಾಡಬೇಕು. ನನ್ನ ಹತ್ತಿರ ಬರುವಾಗ ಅವರಪ್ಪನನ್ನೂ ಕರೆದುಕೊಂಡು ಬನ್ನಿ. ಹೊಡೆತಕ್ಕೆ ಹೆದರಿದ ಮಗು ಇನ್ನೂ ಬಿಗಿಯಾಗಿ ತಡೆಯುತ್ತದೆ ಎಂಬುದನ್ನು ಅವರಿಗೆ ನಾನೇ ಹೇಳುತ್ತೇನೆ. ಕೈ ಎತ್ತದೇ ಬೇಕಾದಾಗ ಎದ್ದುಹೋಗಲು ಬಿಡಿ ಎಂದು ಟೀಚರ್‌ಗೆ ಒಂದು ಚೀಟಿಯನ್ನೂ ಕೊಡುತ್ತೇನೆ.

ಹೆಚ್ಚಿನವರು ಎಡವುವುದು ಮೂರನೇ ವಾರದಲ್ಲಿ. ಚಡ್ಡಿ ಚೊಕ್ಕಟವಾದ ಕೂಡಲೇ ‘ಅಭ್ಯಾಸ ಆಗಿಬಿಡುತ್ತೆ’ ಅಂತ ಪುಡಿ ನಿಲ್ಲಿಸುತ್ತಾರೆ. ಹಿಗ್ಗಿದ ಗುದನಾಳ ಮೊದಲಿನಂತಾಗಲು ತಿಂಗಳುಗಳೇ ಬೇಕು, ಈ ಪುಡಿಗೆ ಕರುಳು ಒಗ್ಗಿಬಿಡುವುದೂ ಇಲ್ಲ. ಕನಿಷ್ಠ ಎರಡು ತಿಂಗಳು ಕೊಡಬೇಕು, ತೊಂದರೆ ಪೂರ್ತಿ ಹೋಗಿ ಒಂದು ತಿಂಗಳು ಕಳೆದ ಮೇಲೆಯೇ ನಿಧಾನವಾಗಿ ಇಳಿಸಬೇಕು.

ಹುಟ್ಟಿದಾಗ ಮೊದಲ ಮಲ ಹೋಗಲು ಎರಡು ದಿನಕ್ಕಿಂತ ತಡವಾಗಿತ್ತೇ, ನಡಿಗೆ ಬದಲಾಗಿದೆಯೇ, ತೂಕ ಇಳಿಯುತ್ತಿದೆಯೇ ಎಂಬುದನ್ನು ಡಾಕ್ಟರಿಗೆ ತಪ್ಪದೆ ಹೇಳಿ. ಹಾಗಿದ್ದರೆ ಬೇರೆ ಪರೀಕ್ಷೆಗಳು ಬೇಕಾಗುತ್ತವೆ. ಹೊಟ್ಟೆ ಉಬ್ಬಿ ಹಸಿರು ವಾಂತಿಯಾದರೆ ಮಾತ್ರ ಕಾಯಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.