ಕೀ ತಿರುಗಿಸಿದಾಗ ಹೊತ್ತುವ ದೀಪಗಳು

ಕೀ ತಿರುಗಿಸಿದ ಕೂಡಲೇ ಡ್ಯಾಶ್‌ಬೋರ್ಡ್‌ನ ಎಲ್ಲ ಎಚ್ಚರಿಕೆ ದೀಪಗಳೂ ಹೊತ್ತಿಕೊಳ್ಳುವುದು ದೋಷವೇ ಎಂದು ಕೇಳಿದ್ದೀರಿ. ಅಲ್ಲ, ಅದು ದೀಪಗಳ ಹಾಜರಿ. ಕೆಟ್ಟುಹೋದ ದೀಪ ಎಚ್ಚರಿಕೆ ಕೊಡಲಾರದು. ಆದ್ದರಿಂದ ಆ ಕ್ಷಣದಲ್ಲಿ ಹೊತ್ತದೇ ಉಳಿದ ದೀಪದ ಬಗ್ಗೆಯೂ ಚಿಂತಿಸಬೇಕು. ಏರ್‌ಬ್ಯಾಗ್, ಎಬಿಎಸ್ ದೀಪಗಳು ತಮ್ಮ ವ್ಯವಸ್ಥೆಯ ಸ್ವಪರೀಕ್ಷೆ ಮುಗಿದ ಮೇಲೆ, ಕೆಲವೇ ಸೆಕೆಂಡುಗಳಲ್ಲಿ ಆರುತ್ತವೆ. ಆಯಿಲ್ ಕ್ಯಾನಿನ ಚಿತ್ರವಿರುವ ಕೆಂಪು ದೀಪದ ಕಥೆ ಬೇರೆ. ಎಂಜಿನ್ ನಿಂತಿರುವಾಗ ಪಂಪ್ ತಿರುಗುವುದಿಲ್ಲ, ಆಯಿಲ್ ಒತ್ತಡ ನಿಜಕ್ಕೂ ಸೊನ್ನೆ. ದೀಪ ಆಗ ಹೇಳುವುದು ಸತ್ಯವನ್ನೇ. ಎಂಜಿನ್ ಶುರುವಾಗಿ ಒತ್ತಡ ಏರಿದರೆ ಅದು ಆರಬೇಕು.

ಆರದಿದ್ದರೆ ಎಂಜಿನ್ ತಕ್ಷಣ ನಿಲ್ಲಿಸಿ. ಓಡುವಾಗ ಹೊತ್ತಿದರೆ, ಸುರಕ್ಷಿತ ಜಾಗದಲ್ಲಿ ಪಕ್ಕಕ್ಕೆ ಹಾಕಿ ಎಂಜಿನ್ ನಿಲ್ಲಿಸಿ. ಸಮತಟ್ಟಾದ ಕಡೆ ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಒರೆಸಿ, ಮತ್ತೆ ಅದ್ದಿ ನೋಡಿ. ಆಯಿಲ್ ಕೆಳಗಿನ ಗುರುತಿಗಿಂತ ಇಳಿದಿದ್ದರೆ ಸರಿಯಾದ ದರ್ಜೆಯದನ್ನು ಹಾಕಿ ನೋಡಬಹುದು. ಮಟ್ಟ ಸರಿಯಿದ್ದೂ ದೀಪ ಆರದಿದ್ದರೆ, “ಗಾಡಿ ಚೆನ್ನಾಗಿ ಓಡುತ್ತಿದೆ, ಸೆನ್ಸರ್ ಕೆಟ್ಟಿರಬೇಕು” ಎನ್ನುವವರಿದ್ದಾರೆ. ಇರಬಹುದು, ಒತ್ತಡದ ಸ್ವಿಚ್ ಕೆಡುವುದುಂಟು. ಆದರೆ ಡಿಪ್‌ಸ್ಟಿಕ್ ಮಟ್ಟವನ್ನಷ್ಟೇ ತೋರಿಸುತ್ತದೆ, ಒತ್ತಡವನ್ನಲ್ಲ. ಪಂಪ್ ಸೋತಿದ್ದರೂ ಎಂಜಿನ್ ಸ್ವಲ್ಪ ಹೊತ್ತು ಚೆನ್ನಾಗಿಯೇ ಓಡಿ, ಬೇರಿಂಗ್ ಸವೆದ ಮೇಲೆ ಬಡಿಯತೊಡಗುತ್ತದೆ. ಅನುಮಾನ ತೀರಿಸುವುದು ಸ್ವಿಚ್‌ನ ಜಾಗದಲ್ಲಿ ಮೆಕ್ಯಾನಿಕ್ ಕೂರಿಸುವ ಪ್ರೆಶರ್ ಗೇಜ್ ಮಾತ್ರ. ಅಲ್ಲಿಯವರೆಗೆ ಗಾಡಿಯನ್ನು ಓಡಿಸಬೇಡಿ, ಎಳೆಸಿಕೊಂಡು ಹೋಗಿ.